ಹೊಳೆಯಾಚೆಯ ಮರಗಳಿಗೆ ಹಳದಿ

ಕಾರವಾರದ ಬಸ್ ನಿಲ್ದಾಣದ ಹತ್ತಿರ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಮದುವೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಆಲ್ಬಮ್ಮಿನ ಪುಟ ಜೋಡಿಸಿ, ಸಿ.ಡಿ.ಗೆ ಹಾಕಿಕೊಟ್ಟರೆ ಮಾಲೀಕರು ಅದನ್ನು ಹುಬ್ಬಳ್ಳಿಯ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಮುಖದ ಕಲೆ ತೆಗೆಯುವುದು, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಬಾರದ ಮಾವನನ್ನು ಗುಂಪಿನಲ್ಲಿ ನಿಲ್ಲಿಸುವುದು ಇವೇ ನನ್ನ ದಿನನಿತ್ಯದ ಕೆಲಸಗಳು.

ಒಂದು ಮಳೆಗಾಲದ ಶುರುವಿಗೆ ಹೊಸ ಜೋಡಿಯೊಂದು ಬಂತು. ಹುಡುಗ ಅರ್ಗಾ ಕಡೆಯವನು, ಸರಕು ಹಡಗಿನಲ್ಲಿ ಕೆಲಸ. ಹುಡುಗಿ ಅಗಸೂರಿನವಳು. ಹಿರಿಯರು ನೋಡಿ ಮಾಡಿದ ಮದುವೆ. ಅವನು ಹಡಗು ಹತ್ತುವ ದಿನ ಹತ್ತಿರ ಬಂದಿತ್ತು. ಇಬ್ಬರೂ ಬೆಂಚಿನ ಮೇಲೆ ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು ಕೂತರು.

ಅವನಿಗೆ ಬೇಕಾಗಿದ್ದದ್ದು ಒಂದೇ ಫೋಟೋ. ಮದುವೆ ಮುಗಿದ ಮೇಲೆ ಅವಳ ಊರಿನ ಹತ್ತಿರ ಗಂಗಾವಳಿ ದಂಡೆಯಲ್ಲಿ ನಮ್ಮ ಮಾಲೀಕರೇ ತೆಗೆದದ್ದು. ಮುಂದೆ ಇವರಿಬ್ಬರು, ಹಿಂದೆ ಹೊಳೆ, ಆಚೆ ದಂಡೆಯಲ್ಲಿ ಮರಗಳ ಸಾಲು. ಒಂದೆರಡು ಮಳೆ ಬಿದ್ದಿದ್ದರಿಂದ ಎಲ್ಲ ಹಸಿರೋ ಹಸಿರು.

"ಈ ಮರಗಳನ್ನ ಹಳದಿ, ಕೆಂಪು ಮಾಡೂಕೆ ಬರ್ತದಾ ಅಕ್ಕಾ?" ಎಂದು ಕೇಳಿದ. "ನಮ್ಮ ಹಡಗು ಹೋಗೂ ಬಂದರಗಳಲ್ಲಿ ಚಳಿ ಬರೂಕೆ ಮೊದ್ಲು ಮರ ಎಲ್ಲ ಬಣ್ಣ ಬದಲಾಯಿಸ್ತವೆ. ಹೇಳಿದ್ರೆ ಇವಳಿಗೆ ತಿಳಿಯೂದಿಲ್ಲ. ತೋರಿಸ್ಬೇಕು."

ನಾನೂ ಅಂಥದ್ದನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ನಾಳೆ ಬನ್ನಿ ಎಂದೆ.

ಫೋಟೋಶಾಪಿನಲ್ಲಿ ಬಣ್ಣದ ಛಾಯೆ ತಿರುಗಿಸುವ ಒಂದು ಪಟ್ಟಿ ಇದೆ. ಅದರಲ್ಲಿ ಹಸಿರನ್ನು ಮಾತ್ರ ಆರಿಸಿಕೊಂಡು ಎಷ್ಟು ಎಳೆದರೂ ಮರಗಳು ಅಷ್ಟಾಗಿ ಕದಲಲಿಲ್ಲ. ಆಮೇಲೆ ಹಳದಿಯನ್ನು ಆರಿಸಿ ಎಡಕ್ಕೆ ಎಳೆದೆ. ಇಡೀ ದಂಡೆ ಕಿತ್ತಳೆಯಾಗಿ ಎದ್ದಿತು. ನಮ್ಮ ಕಣ್ಣಿಗೆ ಹಸಿರಾಗಿ ಕಾಣುವ ಎಲೆಯಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಹೆಚ್ಚು ಇರುವುದು ಹಳದಿಯೇ. ಎರಡನ್ನೂ ಸೇರಿಸಿ ಎಳೆದೆ, ನನ್ನ ಕಣ್ಣಿಗೆ ಚೆಂದವೇ ಕಂಡಿತು.

ಮರುದಿನ ಹುಡುಗ ಪರದೆ ನೋಡಿ ನಕ್ಕುಬಿಟ್ಟ. "ಗುಡ್ಡಕ್ಕೆ ಬೆಂಕಿ ಬಿದ್ದಾಂಗೆ ಆಯ್ತಲ್ಲ!"

ಹುಡುಗಿ ನಗಲಿಲ್ಲ. ಮುಂದೆ ಬಾಗಿ ಫೋಟೋದ ತನ್ನ ಕೈಯನ್ನೇ ನೋಡಿದಳು. "ನನ್ನ ಬಳೆ ಎಂತಾ ಆಯ್ತು?"

ಮದುವೆಗೆ ತೊಟ್ಟ ಹಸಿರು ಗಾಜಿನ ಬಳೆಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೊರಳಿನ ಚಿನ್ನ ತಾಮ್ರವಾಗಿತ್ತು, ಇಬ್ಬರ ಮುಖವೂ ಬಿಸಿಲಿಗೆ ಬೆಂದಂತೆ ಕೆಂಪಾಗಿತ್ತು. ಹಸಿರು ಎಲ್ಲಿದ್ದರೂ ಹಸಿರೇ, ಹಳದಿ ಎಲ್ಲಿದ್ದರೂ ಹಳದಿಯೇ. ಎಲೆ ಯಾವುದು, ಬಳೆ ಯಾವುದು ಎಂದು ಯಂತ್ರಕ್ಕೆ ಗೊತ್ತಿಲ್ಲ.

"ಆಯಿ ನೋಡಿದ್ರೆ ಸುಮ್ನೆ ಬಿಡೂದಿಲ್ಲ," ಎಂದಳು. ಹೊಸ ಮದುಮಗಳ ಕೈಯಲ್ಲಿ ಹಸಿರು ಹೋಗುವುದೆಂದರೇನು ಎಂದು ನಾನೂ ಬಲ್ಲೆ. ಬಣ್ಣ ಬದಲಿಸಿದ್ದು ಫೋಟೋದ ಮೇಲಿಟ್ಟ ಬೇರೆಯೇ ಒಂದು ಪದರದಲ್ಲಿ, ಕೆಳಗಿನ ಚಿತ್ರ ಇದ್ದ ಹಾಗೇ ಇದೆ ಎಂದು ಹೇಳಿ, ಮೆತ್ತನೆಯ ಅಂಚಿನ ಕುಂಚ ಹಿಡಿದು ಆ ಪದರದ ಮಾಸ್ಕಿನಲ್ಲಿ ಅವಳ ಕೈಯ ಮೇಲೆ ಕಪ್ಪು ಬಳಿದೆ. ಕಪ್ಪು ಬಳಿದಲ್ಲೆಲ್ಲ ಹೊಸ ಬಣ್ಣ ಮರೆಯಾಗಿ ಹಳೆಯದು ಕಾಣುತ್ತದೆ. ಬಳೆಗಳು ಒಂದೊಂದಾಗಿ ಹಸಿರಾದವು. ಆಗಲೇ ಅವಳು ಉಸಿರು ಬಿಟ್ಟದ್ದು.

ಹುಡುಗ ಕುರ್ಚಿಯನ್ನು ಹತ್ತಿರ ಎಳೆದ. "ಅಲ್ಲಿ ಎಲ್ಲಾ ಮರ ಒಟ್ಟಿಗೆ ಬದಲಾಗೂದಿಲ್ಲ ಅಕ್ಕಾ. ಒಂದು ಹಳದಿಯಾದ್ರೆ ಪಕ್ಕದ್ದು ಕೆಂಪು. ಕೆಲವು ಹಸಿರೇ ಇರ್ತವೆ."

"ಯಾವುದು ಹಸಿರು ಇರಬೇಕು ಇದರಲ್ಲಿ?" ಎಂದೆ.

ಉತ್ತರ ಕೊಟ್ಟವಳು ಅವಳು. "ಎಡಗಡೆ ಇರೂದು ಹಲಸು. ಅದು ಯಾವತ್ತೂ ಬೋಳಾಗೂದಿಲ್ಲ. ಮಾವೂ ಹಾಂಗೇ. ನಡುವಿಂದು ಹೊನ್ನೆ, ಅದರಾಚೆ ಮತ್ತಿ. ಅವು ಎಲೆ ಉದುರಿಸ್ತವೆ."

"ಹೊನ್ನೆ ಉದುರೂಕೆ ಮೊದ್ಲು ಯಾವ ಬಣ್ಣ ಆಗ್ತದೆ?" ಎಂದು ಅವನು ಅವಳನ್ನೇ ಕೇಳಿದ.

"ಹಳದಿ. ಆದ್ರೆ ಮಾಗಿ ಮುಗಿದ ಮೇಲೆ, ನೀವು ಹೇಳೂ ಕಾಲದಲ್ಲಿ ಅಲ್ಲ. ಮತ್ತೆ ನಮ್ಮಲ್ಲಿ ಕೆಂಪು ಅಂದ್ರೆ ಮಾವಿನ ಚಿಗುರು. ನಿಮ್ಮಲ್ಲಿ ಉದುರೂದು ಕೆಂಪು, ನಮ್ಮಲ್ಲಿ ಹುಟ್ಟೂದು ಕೆಂಪು."

ಅವನು ಅವಳ ಕಡೆ ತಿರುಗಿ ಕೂತ. ಆಮೇಲೆ ಅವರಿಬ್ಬರದೇ ಮಾತು, ನನ್ನದು ಮೌಸ್ ಮಾತ್ರ. ಅವನು ಬಣ್ಣ ಹೇಳುವುದು, ಅವಳು ಮರ ಹೇಳುವುದು. ನಾನು ಮೊದಲಿನ ಪದರವನ್ನು ತೆಗೆದುಹಾಕಿ, ಒಂದೊಂದು ಮರಕ್ಕೂ ಬೇರೆ ಪದರ ಮಾಡಿದೆ. ಹೊನ್ನೆಯನ್ನು ಸುತ್ತು ಹಾಕಿ ಆರಿಸಿ, ಅಂಚು ಮೆದುವಾಗಿಸಿ, ಹಳದಿಯ ತನಕ ಮಾತ್ರ ಎಳೆದೆ. ಮತ್ತಿಯನ್ನು ಇನ್ನೂ ಮುಂದೆ, ಕೆಂಪು ಹತ್ತುವಷ್ಟು. ಹಲಸು, ಮಾವು, ತೆಂಗುಗಳನ್ನು ಮುಟ್ಟಲಿಲ್ಲ. ದಂಡೆಯ ಹುಲ್ಲನ್ನು ಒಣಗಿದ ಬಣ್ಣಕ್ಕೆ ತಂದೆ. ನಡುವೆ ಕರೆಂಟು ಹೋಯಿತು. ಯು.ಪಿ.ಎಸ್. ಕೂಗುತ್ತಿದ್ದಂತೆ ಫೈಲನ್ನು ಉಳಿಸಿ ಕಂಪ್ಯೂಟರ್ ಮುಚ್ಚಿದೆ. ಕತ್ತಲಾದ ಅಂಗಡಿಯಲ್ಲಿ ಅವನು ಬಂದರುಗಳ ಚಳಿಯ ಬಗ್ಗೆ ಹೇಳುತ್ತಿದ್ದ. ಕಿವಿಗೆ ಏನು ಕಟ್ಟಿಕೊಳ್ಳುತ್ತೀರಿ, ಅಲ್ಲಿ ಅಕ್ಕಿ ಸಿಗುತ್ತದಾ ಎಂದು ಅವಳು ಕೇಳುತ್ತಿದ್ದಳು. ಹೊರಗೆ ಮಳೆ ಜೋರಾಗಿದ್ದರಿಂದ ಹೋಗುವ ಅವಸರ ಯಾರಿಗೂ ಇರಲಿಲ್ಲ.

ಕರೆಂಟು ಬಂದ ಮೇಲೆ ಕೆಲಸ ಮುಗಿಯಿತು ಎಂದುಕೊಂಡೆ. ಅವಳು ಹಿಂದೆ ಸರಿದು ನೋಡಿ, "ಹೊಳೆ?" ಎಂದಳು.

ಆಚೆ ದಂಡೆ ಹಳದಿ, ಕೆಂಪು. ನೀರಿನಲ್ಲಿ ಬಿದ್ದ ಅದೇ ಮರಗಳ ನೆರಳು ಮಾತ್ರ ಹಸಿರು! ಎಷ್ಟು ಹೊತ್ತಿನಿಂದ ನಾವು ಮೂವರೂ ನೋಡುತ್ತಿದ್ದೆವು, ಕಂಡದ್ದು ಈಗ. ಹೊನ್ನೆಯ ಕೆಳಗಿನ ನೀರನ್ನು ಹೊನ್ನೆಯ ಪದರಕ್ಕೆ, ಮತ್ತಿಯ ಕೆಳಗಿನದನ್ನು ಮತ್ತಿಯದಕ್ಕೆ ಸೇರಿಸಿದೆ. ನೀರಿನಲ್ಲಿ ಬಣ್ಣ ಮಂಕಾಗಿರಬೇಕಲ್ಲ, ಅದಕ್ಕೆ ಕುಂಚವನ್ನು ತೆಳುವಾಗಿ ಆಡಿಸಿದೆ. ಆಗ ಚಿತ್ರ ನಂಬುವ ಹಾಗಾಯಿತು.

ಎರಡು ಪ್ರತಿ ಮಾಡಿಸಿದರು. ಬಣ್ಣ ಬದಲಾದದ್ದು ಅವಳಿಗೆ. ತಾನು ಒಯ್ಯಲು ಅವನು ಹಸಿರು ಪ್ರತಿಯನ್ನೇ ಕೇಳಿದ. "ಅಲ್ಲಿ ಹಳದಿ ಬೇಕಾದಷ್ಟು ಅದೆ," ಎಂದ. ಮಾಲೀಕರಿಗೆ ಆ ಫೋಟೋವನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಅಂಟಿಸುವ ಆಸೆ ಇತ್ತು. ಹುಡುಗಿ ಬೇಡ ಎಂದಳು. ಹಿಂದಿನ ದಿನ ಬಾಯಿ ಬಿಡದವಳು ಅಷ್ಟು ಖಡಾಖಂಡಿತ ಹೇಳಿದ್ದು ಕೇಳಿ ಅವರು ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೆ ಬೇರೆ ಜೋಡಿಗಳಿಗೂ ಅಂಥ ಚಿತ್ರ ಮಾಡಿದೆ. ಒಂದೇ ಪದರದಲ್ಲಿ ಎಲ್ಲವನ್ನೂ ಕೆಂಪು ಮಾಡಿಕೊಟ್ಟರೂ ಅವರು ಖುಷಿಯಿಂದ ಒಯ್ದರು.

ಆ ಹಡಗಿನ ಹುಡುಗ ರಜೆಯಲ್ಲಿ ಊರಿಗೆ ಬಂದಾಗ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು, ಈ ಸಲ ಒತ್ತಿಕೊಂಡೇ ಕೂತರು. ಅವನು ಒಂದು ಬಂದರಿನ ಉದ್ಯಾನದಲ್ಲಿ ತಾನೇ ತೆಗೆದ ಫೋಟೋ ತಂದಿದ್ದ. ನನ್ನ ಹಳೆಯ ಫೈಲನ್ನು ತೆರೆದು ಪಕ್ಕದಲ್ಲಿಟ್ಟೆವು. ಅಲ್ಲಿಯ ಹಳದಿ ನನ್ನದಕ್ಕಿಂತ ತಿಳಿ. ಮರದಡಿಯ ಹುಲ್ಲು ಮಾತ್ರ ಹಚ್ಚ ಹಸಿರು, ಅದರ ಮೇಲೆ ಹಳದಿ ಎಲೆಗಳು ಉದುರಿ ಬಿದ್ದಿದ್ದವು.

"ಹುಲ್ಲು ಒಣಗೂದೇ ಇಲ್ವಾ ಅಲ್ಲಿ?" ಎಂದು ಅವಳು ಬೆರಗಾದಳು.

ನಾನು ಹುಲ್ಲನ್ನು ಒಣಗಿಸಿದ್ದ ಪದರವನ್ನು ಅಳಿಸಿದರೆ ಆಯಿತು, ಒಂದು ನಿಮಿಷದ ಕೆಲಸ, ತಿದ್ದಿ ಹೊಸ ಪ್ರತಿ ಕೊಡುತ್ತೇನೆ ಎಂದೆ.

"ಬ್ಯಾಡ ಅಕ್ಕಾ," ಎಂದಳು. "ಮನೇಲಿ ಗೋಡೆಗೆ ಹಾಕಿ ಆಯ್ತು. ಎಲ್ಲರೂ ನೋಡಿದ್ದಾರೆ."

ಅವನು ತಂದ ಫೋಟೋವನ್ನು ಮಾತ್ರ ಅದೇ ಅಳತೆಯಲ್ಲಿ ಮುದ್ರಿಸಿಕೊಡಲು ಹೇಳಿ, ಅಂಕೋಲೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.