ಹಿಂದುಳಿದ ಪ್ಯಾದೆಯ ಮುಂದಿನ ಮನೆ

ಗೋಕಾಕದ ಚೆಸ್ ಪಂದ್ಯಾವಳಿಯಲ್ಲಿ ನನ್ನನ್ನು ಸೋಲಿಸಿದವರು ಹುಕ್ಕೇರಿಯ ನಿವೃತ್ತ ದನದ ಡಾಕ್ಟರು. ಆಡುವವರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಸೋತದ್ದಕ್ಕಿಂತ ಸೋತ ರೀತಿ ನನ್ನನ್ನು ಬಹಳ ಕಾಡಿತು. ಅವರು ದಾಳಿ ಮಾಡಲಿಲ್ಲ, ನಾನು ಯಾವ ಕಾಯಿಯನ್ನೂ ಮರೆತು ಕೊಡಲಿಲ್ಲ. ಆದರೂ ತಾಸೆರಡು ತಾಸಿನಲ್ಲಿ ನನ್ನ ಆಟ ಸದ್ದಿಲ್ಲದೆ ಮುಗಿದುಹೋಗಿತ್ತು.

ನಾನು ಮೂಡಲಗಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕಾಲೇಜಿನಲ್ಲಿ ಆಡುತ್ತಿದ್ದ ಚೆಸ್ಸನ್ನು ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಹಿಡಿದಿದ್ದೆ. ಪ್ರತಿ ರವಿವಾರ ಬಸ್ಸು ಹಿಡಿದು ಗೋಕಾಕಕ್ಕೆ ಹೋಗುತ್ತಿದ್ದೆ. ಅಲ್ಲಿ ಹಿಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದ ಒಬ್ಬ ಮೇಡಂ ತಮ್ಮ ಮನೆಯ ಮಾಳಿಗೆಯ ಮೇಲೆ ಚೆಸ್ ಕಲಿಸುತ್ತಿದ್ದರು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವರು, ಮಾತು ಮಾತ್ರ ಖಡಕ್.

ಸೋತ ಮರುವಾರ ಆ ಆಟವನ್ನು ಅವರ ಮುಂದೆ ಮೊದಲಿನಿಂದ ಆಡಿ ತೋರಿಸಿದೆ. ನಡುವೆ ಒಂದು ಕಡೆ ಅವರು ಕೈ ಅಡ್ಡ ಹಿಡಿದು, ನನ್ನ ಒಂದು ಪ್ಯಾದೆಯ, ಅಂದರೆ ಕಾಲಾಳಿನ, ಮೇಲೆ ಬೆರಳಿಟ್ಟರು.

"ಇಲ್ಲಿ ನಿಮ್ಮ ಈ ಪ್ಯಾದಿ ನೋಡ್ರಿ. ಎಡಕ್ಕಿನ ಸಾಲಿನ್ಯಾಗ ನಿಮ್ಮದೊಂದು ಪ್ಯಾದಿ ಇಲ್ಲ, ಬಲಕ್ಕೂ ಇಲ್ಲ. ಒಬ್ಬಂಟಿ ಆತು. ಇದನ್ನ ಇನ್ನೊಂದು ಪ್ಯಾದಿ ಕಾಯಾಕ ಸಾಧ್ಯ ಇಲ್ಲ. ಕಾಯೂದಾದ್ರ ಆನಿ ಬೇಕು, ಕುದುರಿ ಬೇಕು. ಖರೆ ಹೌದಲ್ರಿ?"

"ಹೌದ್ರಿ."

"ಅಂಥಾದ್ರಾಗ ನೀವೇನ್ ಮಾಡೀರಿ? ಸಿಕ್ಕ ಸಿಕ್ಕ ಕಾಯಿ ಬದಲು ಮಾಡ್ಕೊಂಡೀರಿ."

ಕಾಯಿಗಳು ಕಡಿಮೆಯಾದರೆ ಅಪಾಯವೂ ಕಡಿಮೆ ಎಂದುಕೊಂಡಿದ್ದೆ. ನಿಜ ಅದಕ್ಕೆ ಉಲ್ಟಾ. ಒಬ್ಬಂಟಿ ಪ್ಯಾದೆ ಇದ್ದವನಿಗೆ ಅಕ್ಕಪಕ್ಕದ ಸಾಲು ತೆರೆದಿರುತ್ತದೆ, ಕಾಯಿಗಳಿಗೆ ಓಡಾಡಲು ಜಾಗವಿರುತ್ತದೆ. ಬೋರ್ಡಿನ ಮೇಲೆ ಕಾಯಿ ತುಂಬಿರುವಾಗಲೇ ಅವನು ದಾಳಿ ಮಾಡಬೇಕು, ಇಲ್ಲವೆ ಆ ಪ್ಯಾದೆಯನ್ನು ಮುಂದಕ್ಕೆ ತಳ್ಳಿ ಬದಲು ಮಾಡಿಕೊಳ್ಳಬೇಕು. ಕಾಯಿ ಕಡಿಮೆಯಾದಷ್ಟೂ ಆ ಪ್ಯಾದೆ ಬರೀ ಹೊರೆ. ಕಾಕಾ ನನ್ನ ಪ್ಯಾದೆಯ ಎದುರು ಮನೆಯಲ್ಲೇ ತಮ್ಮ ಕುದುರೆ ತಂದು ನಿಲ್ಲಿಸಿದ್ದರು. ಅದನ್ನು ಅಲ್ಲಿಂದ ಅಟ್ಟಲು ನನ್ನ ಬಳಿ ಬೇರೆ ಪ್ಯಾದೆ ಇರಲಿಲ್ಲ. ಉಳಿದದ್ದನ್ನು ಅವರು ಬದಲು ಮಾಡುತ್ತ ಹೋದರು, ನಾನು ಸಂತೋಷದಿಂದ ಒಪ್ಪುತ್ತ ಹೋದೆ. ಕೊನೆಗೆ ಕುದುರೆಯನ್ನೂ ಬದಲಿಸಿ, ಎರಡು ಆನೆಗಳನ್ನು ಆ ಸಾಲಿನಲ್ಲಿ ಹಿಂದೆ ಮುಂದೆ ಹೂಡಿ, ಪಕ್ಕದಿಂದ ಒಂದು ಪ್ಯಾದೆಯನ್ನು ತಂದು ಚುಚ್ಚಿದರು.

"ನಿಮಗ ಆಟ ಬರ್ತೈತ್ರಿ. ಪ್ಯಾದಿ ಏನ್ ಹೇಳ್ತಾವ ಅನ್ನೂದು ಗೊತ್ತಿಲ್ಲ," ಎಂದರು ಮೇಡಂ. "ಹುಕ್ಕೇರಿ ಟೂರ್ನಮೆಂಟಿಗೆ ಇನ್ನೂ ಟೈಮ್ ಐತಿ. ಅಲ್ಲೀತನಕ ಬ್ಯಾರೆ ಏನೂ ಓದಬ್ಯಾಡ್ರಿ."

ಆ ದಿನವೇ ಹುಕ್ಕೇರಿಗೆ ಹೋಗಿಯೇ ತೀರುತ್ತೇನೆಂದು ನಿಶ್ಚಯಿಸಿದೆ.

ಅವರು ಕೊಟ್ಟ ಮನೆಪಾಠ ಒಂದೇ. ಒಂದು ಸ್ಥಿತಿಯಲ್ಲಿ ಕಾಯಿಗಳನ್ನು ಹೂಡಿಕೊಂಡು, ಅದನ್ನೇ ಮತ್ತೆ ಮತ್ತೆ ಆಡಬೇಕು. ಕಪ್ಪಿನ ಕಡೆ ನಡುವಿನ ಒಂದು ಪ್ಯಾದೆ ಹಿಂದೆ ಉಳಿದಿದೆ. ಅದರ ಒಂದು ಪಕ್ಕದ ಜೊತೆಗಾರ ಆಟದಿಂದ ಹೋಗಿದ್ದಾನೆ, ಇನ್ನೊಂದು ಪಕ್ಕದವನು ಅದನ್ನು ದಾಟಿ ಮುಂದೆ ಹೋಗಿದ್ದಾನೆ. ಮುಂದಿಡೋಣವೆಂದರೆ ಎದುರು ಮನೆಯ ಮೇಲೆ ಬಿಳಿ ಪ್ಯಾದೆಯ ಕಣ್ಣು. ಬಿಳಿಯದು ನಾನು. ಕಪ್ಪಿಗೆ ಯಾರಾದರೂ ಬೇಕಲ್ಲ?

ನನ್ನ ಗಂಡನಿಗೆ ಬೋರ್ಡು ಕಂಡರೆ ನಿದ್ದೆ. ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದರು. ಕೌಜಲಗಿಯ ಒಕ್ಕಲುಮನೆಯ ಮಗಳು, ಕೂತಲ್ಲಿ ಕೂತು ಬೇಸರ ಪಡುವವರಲ್ಲ.

"ಬಾ, ನನಗ ಕಲಿಸು," ಎಂದರು.

"ಅತ್ತಿ, ಇದು ಭಾಳ ಹೊತ್ತು ಹಿಡೀತೈತ್ರಿ."

"ಹಿಡೀಲಿ. ನನಗೆಲ್ಲಿ ಹೋಗೂದೈತಿ?"

ಕಾಯಿಗಳ ನಡೆ ಕಲಿಯಲು ಅವರಿಗೆ ಒಂದು ವಾರ ಬೇಕಾಯಿತು. ಪ್ಯಾದೆ ನೆಟ್ಟಗೆ ನಡೆದು ಓರೆಯಾಗಿ ತಿನ್ನುತ್ತದೆ ಎಂಬುದು ಮೊದಮೊದಲು ಒಪ್ಪಿಗೆಯಾಗಲೇ ಇಲ್ಲ. "ಇದೆಂಥಾ ನಡಗಿ!" ಎಂದು ನಕ್ಕರು. ಆದರೆ ಆ ಹಿಂದುಳಿದ ಪ್ಯಾದೆ ಅವರ ಕಣ್ಣಿಗೆ ಕೂಡಲೇ ಬಿತ್ತು.

"ಇದರ ಬೆನ್ನಿಗಿ ಯಾರೂ ಇಲ್ಲೇನ?"

"ಯಾರೂ ಇಲ್ರಿ. ಅದಕ್ಕ ನಾ ಅದರ ಮ್ಯಾಲೆ ಬೀಳಾಕತ್ತೇನಿ."

"ಬೀಳು ನೋಡೋಣ. ನಾ ಬಿಡಾಂಗಿಲ್ಲ."

ಬಿಡಲೂ ಇಲ್ಲ. ನಾನು ಒಂದು ಆನೆ ಹೂಡಿದರೆ ಅವರೊಂದು ಆನೆ ತಂದು ಹಿಂದೆ ನಿಲ್ಲಿಸುತ್ತಿದ್ದರು. ನನ್ನ ಗಮನ ಸ್ವಲ್ಪ ಬೇರೆಡೆ ಹೋದರೆ ಸಾಕು, ಪ್ಯಾದೆಯನ್ನು ಒಂದು ಮನೆ ಮುಂದಕ್ಕೆ ತಳ್ಳಿಬಿಡುತ್ತಿದ್ದರು. ನಾನು ತಿಂದರೆ ಅವರೂ ತಿಂದು, ಅಲ್ಲಿಗೆ ಅವರ ದೌರ್ಬಲ್ಯ ಮಾಯ. ಹುಡುಕಿದರೂ ಹೊಡೆಯಲು ಏನೂ ಉಳಿಯುತ್ತಿರಲಿಲ್ಲ. ಹೀಗೆ ಅವರಿಂದಲೇ ನನಗೆ ಮನದಟ್ಟಾಯಿತು: ಮೊದಲು ಹಿಡಿಯಬೇಕಾದ್ದು ಆ ಪ್ಯಾದೆಯನ್ನಲ್ಲ, ಅದರ ಮುಂದಿನ ಮನೆಯನ್ನು. ಆ ಮನೆಯಲ್ಲಿ ನನ್ನ ಕುದುರೆ ಕೂತರೆ ಪ್ಯಾದೆ ಅಲ್ಲಾಡುವಂತಿಲ್ಲ. ಅದನ್ನು ಕಾಯುವ ಕಾಯಿಗಳೂ ಅದರ ಜೊತೆಗೇ ಕಟ್ಟಿಬೀಳುತ್ತವೆ.

ದವಾಖಾನೆಯಿಂದ ಬಂದು ಚಹಾ ಕುಡಿದು ದಿನಾ ಕೂರುತ್ತಿದ್ದೆವು. ಬಾಜೂ ಮನೆಯಾಕೆ ಬಾಗಿಲಲ್ಲಿ ನಿಂತು, "ಅತ್ತಿ-ಸೊಸಿ ಏನ್ ಜಗಳಾ ಹಚ್ಚೀರಿ?" ಎಂದು ಕೇಳುತ್ತಿದ್ದಳು. ನನಗೆ ಬೇಸರ ಬಂದ ದಿನವೂ ಅತ್ತೆ ಬೋರ್ಡು ಎತ್ತಿಡಲು ಬಿಡುತ್ತಿರಲಿಲ್ಲ. "ಹುಕ್ಕೇರಿಗಿ ಹೋಗ್ತೀನಿ ಅಂದಾಕಿ ನೀನ ಹೌದಲ್ಲ? ಕೂಡು."

ನಡುವೆ ಮೂಡಲಗಿಯಲ್ಲೇ ಒಂದು ಸಣ್ಣ ಪಂದ್ಯಾವಳಿ ನಡೆಯಿತು. ಅಲ್ಲಿ ಕಾಲೇಜು ಓದುವ ಒಬ್ಬಳು ತನ್ನ ಒಂಟೆಯಿಂದ ನನ್ನ ಕುದುರೆಯನ್ನು ಹೊಡೆದಳು; ನಾನು ಪಕ್ಕದ ಸಾಲಿನ ಪ್ಯಾದೆಯಿಂದ ತಿರುಗಿ ಹೊಡೆದಾಗ ನನ್ನ ಎರಡು ಪ್ಯಾದೆಗಳು ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಂತವು. ಇದು ಜೋಡಿ ಪ್ಯಾದೆ. ಒಂದನ್ನೊಂದು ಕಾಯಲಾರವು, ಮುಂದಿನದು ಹಿಂದಿನದಕ್ಕೆ ಅಡ್ಡ. ಕೊನೆಯ ಹಂತದವರೆಗೆ ಎಳೆದರೆ ಎರಡೂ ಸೇರಿ ಒಂದರ ಕೆಲಸ ಮಾಡುತ್ತವೆ, ಎದುರಾಳಿ ಆ ಕಡೆ ಸುಲಭವಾಗಿ ತಡೆದು ಇನ್ನೊಂದು ಕಡೆ ತನ್ನ ಪ್ಯಾದೆಯನ್ನು ಓಡಿಸುತ್ತಾನೆ. ಅವಳಿಗೂ ಇದು ಗೊತ್ತಿತ್ತು, ರಾಣಿ ಬದಲಿಸಲು ಅವಸರ ಮಾಡಿದಳು. ನಾನು ಒಪ್ಪಲಿಲ್ಲ. ನನ್ನ ಪ್ಯಾದೆ ಪಕ್ಕದ ಸಾಲಿಗೆ ಸರಿದದ್ದರಿಂದ ಅದು ಬಿಟ್ಟ ಸಾಲು ಖಾಲಿಯಾಗಿತ್ತಲ್ಲ, ಅಲ್ಲಿ ನನ್ನ ಆನೆಯನ್ನು ಇಟ್ಟೆ. ಅದು ನೇರ ಅವಳ ಪಾಳೆಯಕ್ಕೆ ನುಗ್ಗಿತು. ಆ ಆಟ ಗೆದ್ದೆ. ಮೇಡಂಗೆ ಫೋನ್ ಮಾಡಿದರೆ, "ಛಲೋ ಆತು. ಹುಕ್ಕೇರಿ?" ಎಂದರು, ಅಷ್ಟೇ.

ಹುಕ್ಕೇರಿಯ ಕಲ್ಯಾಣ ಮಂಟಪದಲ್ಲಿ ದೊಡ್ಡವರ ವಿಭಾಗದಲ್ಲಿ ಹೆಣ್ಣುಮಗಳೆಂದರೆ ನಾನೊಬ್ಬಳೇ. ಪಟ್ಟಿ ನೋಡುತ್ತಿದ್ದ ಒಬ್ಬರು, "ಮಕ್ಕಳನ್ನ ಕರಕೊಂಡು ಬಂದೀರೇನ್ರಿ?" ಎಂದರು. "ಇಲ್ರಿ, ನಾನ ಆಡಾಕ ಬಂದೇನಿ," ಎಂದು ನನ್ನ ಟೇಬಲ್ಲಿಗೆ ಹೋದೆ. ಕೊನೆಯ ಸುತ್ತಿಗೆ ಮೊದಲಿನ ಸುತ್ತಿನಲ್ಲಿ ಕಾಕಾ ಎದುರಾದರು.

"ಬಾ ತಂಗಿ," ಎಂದು ಕೈ ಕೊಟ್ಟರು. ಮುಖದಲ್ಲಿ ಗೋಕಾಕದ ಗೆಲುವಿನ ನಗು ಇನ್ನೂ ಇತ್ತು.

ನನ್ನದು ಬಿಳಿ. ಆಟ ಸಾಗಿದಂತೆ ಅವರ ನಡುವಿನ ಪ್ಯಾದೆ ಹಿಂದುಳಿಯಿತು, ಮನೆಯಲ್ಲಿ ಹೂಡಿಕೊಳ್ಳುತ್ತಿದ್ದಂಥದೇ ಸ್ಥಿತಿ. ಅವರ ಕುದುರೆಯೊಂದು ಆ ಮುಂದಿನ ಮನೆಯನ್ನು ಕಾಯುತ್ತಿತ್ತು, ನನ್ನ ಒಂಟೆ ಕೊಟ್ಟು ಅದನ್ನು ತೆಗೆದೆ. ಎರಡನೆಯ ಕುದುರೆಯನ್ನು ಬಳಸುದಾರಿಯಿಂದ ಹತ್ತಿರ ತಂದೆ. ಆಮೇಲೆ ಮೊದಲನೆಯದನ್ನು ಆ ಮನೆಯಲ್ಲಿ ಕೂರಿಸಿದೆ. ಕಾಕಾ ಸ್ವಲ್ಪ ಯೋಚಿಸಿ ತಮ್ಮ ಒಂಟೆಯಿಂದ ಅದನ್ನು ಹೊಡೆದರು.

ತಿರುಗಿ ಹೊಡೆಯಲು ನನಗೆ ಎರಡು ದಾರಿ. ಪ್ಯಾದೆಯಿಂದ ಹೊಡೆಯಲು ಕೈ ಹೋಗಿಯೇಬಿಟ್ಟಿತ್ತು, ತಡೆದೆ. ಪ್ಯಾದೆಯಿಂದ ಹೊಡೆದರೆ ಆ ಮನೆಯಲ್ಲಿ ನನ್ನದೇ ಪ್ಯಾದೆ ಬೇಲಿಯಂತೆ ನಿಲ್ಲುತ್ತಿತ್ತು. ಆ ಸಾಲು ಮುಚ್ಚಿ, ಅವರ ಬಡಪಾಯಿ ಪ್ಯಾದೆ ಅದರ ಹಿಂದೆ ನೆಮ್ಮದಿಯಿಂದ ಇರುತ್ತಿತ್ತು. ಎರಡನೆಯ ಕುದುರೆಯಿಂದಲೇ ಹೊಡೆದೆ. ಈಗ ಅವರಿಗೆ ಉಳಿದ ಒಂದೇ ಒಂಟೆ ಅವರದೇ ಪ್ಯಾದೆಗಳಿದ್ದ ಬಣ್ಣದ ಮನೆಗಳಲ್ಲಿ ಓಡಾಡುವಂಥದು, ನನ್ನ ಕುದುರೆಯನ್ನು ಮುಟ್ಟಲಾರದು. ಕಾಕಾ ಕುರ್ಚಿಯನ್ನು ಮುಂದಕ್ಕೆಳೆದು ಕೂತರು. ನಗು ಹೋಗಿತ್ತು.

ರಾಣಿಗಳು ಬದಲಾದವು. ಅವರು ಆ ಪ್ಯಾದೆಯನ್ನು ಬಲವಾಗಿ ಕಾಯ್ದರು, ಥೇಟ್ ನಮ್ಮ ಅತ್ತೆಯ ಹಾಗೆ. ಒಂದೇ ಕಡೆ ಗುದ್ದಿದರೆ ಒಡೆಯುವುದಿಲ್ಲ ಎಂಬುದು ನನಗೆ ಮನೆಯಲ್ಲೇ ಗೊತ್ತಾಗಿತ್ತು. ಅಂಚಿನ ಪ್ಯಾದೆಯನ್ನು ಮುಂದಿಟ್ಟು ಕೆಣಕಿದೆ. ಅವರು ಪಕ್ಕದ ಪ್ಯಾದೆಯಿಂದ ತಿಂದರು, ನಾನು ಆನೆಯಿಂದ ತಿಂದೆ. ಅವರ ಅಂಚಿನ ಪ್ಯಾದೆ ಈಗ ಒಬ್ಬಂಟಿ. ಕಾಯಬೇಕಾದ ಜಾಗ ಎರಡಾದವು. ಆಗ ಕುದುರೆಯನ್ನು ನಡುವಿನಿಂದ ಎತ್ತಿ ಪಕ್ಕಕ್ಕಿಟ್ಟೆ. ಅದು ಅವರ ಅಂಚಿನ ಪ್ಯಾದೆಗೆ ಗುರಿಯಿಟ್ಟಿತು, ಕುದುರೆ ಬಿಟ್ಟ ಸಾಲಿನಿಂದ ನನ್ನ ಇನ್ನೊಂದು ಆನೆ ಹಿಂದುಳಿದ ಪ್ಯಾದೆಗೆ ಗುರಿಯಿಟ್ಟಿತು.

ಕೊನೆಗೆ ಕಾಕಾ ಹಿಂದುಳಿದ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿದರು. ನನ್ನ ಕುದುರೆ ತಿರುಗಿ ಬಂದು ಅದನ್ನು ಹೊಡೆಯಿತು. ಸ್ವಲ್ಪ ಹೊತ್ತಿಗೆ ಅಂಚಿನದೂ ಬಿತ್ತು. ಅವರು ಗಡಿಯಾರ ನಿಲ್ಲಿಸಿ ಕೈ ಚಾಚಿದರು.

ಊಟದ ಹಾಲಿನ ಬೆಂಚಿನ ಮೇಲೆ ಕೂತು ಅದೇ ಆಟವನ್ನು ಮತ್ತೆ ಹೂಡಿದೆವು. ಅವರು ಒಂದು ಜಾಗದಲ್ಲಿ ಬೆರಳಿಟ್ಟರು. "ನಿನ್ನ ಎರಡನೇ ಕುದುರಿ ಇನ್ನೂ ಬಂದಿರಲಿಲ್ಲ. ಆವಾಗ ಈ ಪ್ಯಾದಿ ತಳ್ಳಿದ್ರ ನಾ ಬಚಾವ್ ಆಗ್ತಿದ್ದೆ. ಸುಮ್ಮನ ತಡಾ ಮಾಡಿದೆ."

ನೋಡಿದರೆ ನಿಜ. ನಾನು ಅಷ್ಟು ತುರ್ತಲ್ಲದ ಒಂದು ನಡೆ ಆಡಿ ಅವರಿಗೆ ಅವಕಾಶ ಕೊಟ್ಟಿದ್ದೆ, ಅದನ್ನು ಅವರು ಕಂಡಿರಲಿಲ್ಲ.

"ಖರೆ ಐತ್ರಿ ಕಾಕಾ. ನಾನೂ ನೋಡಿರಲಿಲ್ಲ."

"ಮುಂದಿನ ಸಲ ನೋಡ್ತೀನಿ," ಎಂದು ಎದ್ದರು.

ಕೊನೆಯ ಸುತ್ತಿನಲ್ಲಿ ನಾನು ಡ್ರಾ ಮಾಡಿಕೊಂಡೆ, ಬಹುಮಾನದವರ ಸಾಲಿನಲ್ಲಿ ಕೊನೆಗೆ ನಿಂತು ಒಂದು ಸಣ್ಣ ಟ್ರೋಫಿ ತೆಗೆದುಕೊಂಡೆ. ಮನೆಗೆ ಬಂದಾಗ ಅತ್ತೆ ಅದನ್ನು ಟಿ.ವಿ.ಯ ಪಕ್ಕ ಇಟ್ಟರು. ಆಮೇಲೆ ಕಾಕಾ ತೋರಿಸಿದ ಆ ಸ್ಥಿತಿಯನ್ನು ನಾನು ಬೋರ್ಡಿನ ಮೇಲೆ ಹೂಡಿದೆ. ಈ ಸಲ ಅತ್ತೆಗೆ ಬಿಳಿ ಕೊಟ್ಟು ಕಪ್ಪಿನ ಕಡೆ ನಾನು ಕೂತೆ. ಕಾಯುವವರಿಗೆ ಏನು ಕಾಣುತ್ತದೆ ಎಂದು ತಿಳಿಯಬೇಕಿತ್ತು.