ಬಿದ್ದುಹೋದ ಸೊನ್ನೆಗಳು

ನೂತನ ಮಗದುಮ್ಮ ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿಬರುವ ಹೆಂಗಸು. ಕೊಲ್ಹಾಪುರದಲ್ಲಿ ಠೇವಣಿ ಇಡಿಸಿಕೊಂಡು ಸಾಲ ಕೊಡುವ ಒಂದು ಸಹಕಾರಿ ಪತಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ಅವಳೊಬ್ಬಳೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಅವಳಿಗೇ ಫೋನು, ಇಂಟರ್ನೆಟ್ ನಿಂತರೂ ಅವಳಿಗೇ. ಊಟದ ಡಬ್ಬಿ ತೆರೆದಾಗಲೇ ಫೋನು ಬರುತ್ತದೆ ಎಂದು ಗೊತ್ತಾದ ಮೇಲೆ, ಡಬ್ಬಿಯ ಪಕ್ಕದಲ್ಲೇ ಫೋನಿಟ್ಟು ಉಣ್ಣುವುದು ರೂಢಿಯಾಗಿತ್ತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಹಾತಕಣಂಗಲೆ ಬರುವ ಮೊದಲೇ ನಿದ್ದೆ. ಅವಳ ಗಂಡ ಅತುಲ ನೂಲಿನ ದಲಾಲಿ ಮಾಡುತ್ತಿದ್ದ. ಮನೆಗೆ ಬಂದವಳ ಮುಖ ನೋಡಿ ಅವನೇ ಚಹಾ ಇಡುತ್ತಿದ್ದ.

ಆ ವರ್ಷ ಗಡಹಿಂಗ್ಲಜದ ಹಳೆಯದೊಂದು ಚಿಕ್ಕ ಪತಸಂಸ್ಥೆ ಇವರದರಲ್ಲಿ ವಿಲೀನವಾಯಿತು. ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಒಂದೇ ಪಾಸ್‌ವರ್ಡು, ಅದೂ ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿದ್ದು. ಯಾರು ಯಾವ ಎಂಟ್ರಿ ಮಾಡಿದರು ಎಂದು ಕೇಳಿದರೆ ಉತ್ತರವಿಲ್ಲ. ಎರಡೂ ಸಂಸ್ಥೆಗಳ ಲೆಕ್ಕ ಒಂದಾಗುವ ಸೋಮವಾರದಿಂದ ಹಾಗೆ ನಡೆಯುವಂತಿಲ್ಲ. ಕೊಲ್ಹಾಪುರದ ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರದೇ ಪಾಸ್‌ವರ್ಡು ಆಗಬೇಕು.

ಒಬ್ಬೊಬ್ಬರ ಹೆಸರು ಕೈಯಿಂದ ಹಾಕುತ್ತ ಕೂತರೆ ವಾರ ಹೋಗುತ್ತದೆ, ತಪ್ಪುಗಳೂ ಆಗುತ್ತವೆ. ಗಡಹಿಂಗ್ಲಜ ಶಾಖೆಯ ಗುಮಾಸ್ತೆ ರೂಪಾಲಿಗೆ ನೂತನ ಒಂದು ಎಕ್ಸೆಲ್ ತಖ್ತೆ ಕಳಿಸಿದಳು: ನೌಕರ ನಂಬರು, ಹೆಸರು, ಅಡ್ಡಹೆಸರು, ಶಾಖೆ, ಹುದ್ದೆ. ತುಂಬಿಸಿ ಸಿಎಸ್‌ವಿ ಎಂಬ ಸಾದಾ ಅಕ್ಷರಗಳ ಫೈಲಾಗಿ ಉಳಿಸಿ ಕಳಿಸು ಅಂದಳು. ಆ ಫೈಲನ್ನು ಸಾಲುಸಾಲಾಗಿ ಓದಿ ಖಾತೆ ತೆರೆಯುವ ಸ್ಕ್ರಿಪ್ಟನ್ನು, ಅಂದರೆ ಚಿಕ್ಕ ಪ್ರೋಗ್ರಾಮನ್ನು, ತಾನೇ ಬರೆದಿಟ್ಟುಕೊಂಡಿದ್ದಳು. ಅದು ಮೊದಲ ಸುತ್ತಿನಲ್ಲಿ ಏನನ್ನೂ ತೆರೆಯುತ್ತಿರಲಿಲ್ಲ, ಬರೀ ನೋಡುತ್ತಿತ್ತು. ಖಾಲಿ ಜಾಗ ಇದೆಯೇ, ನೌಕರ ನಂಬರು ಸರಿಯಾಗಿ ನಾಲ್ಕು ಅಂಕಿಯದೇ, ಒಂದೇ ಲಾಗಿನ್ ಹೆಸರು ಎರಡು ಸಲ ಬಂದಿದೆಯೇ, ಸರ್ವರಿನಲ್ಲಿ ಅದು ಮೊದಲೇ ಇದೆಯೇ, ಲಾಗಿನ್ ಹೆಸರು ಇಪ್ಪತ್ತು ಅಕ್ಷರ ಮೀರಿದೆಯೇ ಎಂದು. ಇದರಲ್ಲಿ ಪಾಸಾದ ಸಾಲುಗಳಿಗೆ ಮಾತ್ರ ಎರಡನೇ ಸುತ್ತಿನಲ್ಲಿ ಖಾತೆ. ಉಳಿದವು ಸಾಲಿನ ನಂಬರು ಮತ್ತು ಕಾರಣದ ಜೊತೆ ಬೇರೆ ಫೈಲಿಗೆ ಹೋಗುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಓಡಿಸಿ ನೋಡಿದಾಗ ಹತ್ತಾರು ಸಾಲು ಬಿದ್ದವು. ಎಲ್ಲಕ್ಕೂ ಒಂದೇ ಕಾರಣ, ನೌಕರ ನಂಬರು ನಾಲ್ಕು ಅಂಕಿ ಇಲ್ಲ. ನೂತನಳಿಗೆ ನೋಡಿದ ಕೂಡಲೇ ತಿಳಿಯಿತು. ಎಕ್ಸೆಲ್‌ನಲ್ಲಿ 0017 ಎಂದು ಬರೆದರೆ ಅದು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಗಳನ್ನು ಕಿತ್ತು 17 ಮಾಡಿಬಿಡುತ್ತದೆ.

ಜನರಲ್ ಮ್ಯಾನೇಜರ್ ಅಭಯಕುಮಾರ ಬಾಗಿಲಲ್ಲಿ ನಿಂತು ಕೇಳಿದರು. "ಝಾಲ ಕಾ? ಆತೇನ್ರಿ ಎಲ್ಲಾ?"

"ಸರಿ ಇದ್ದವಕ್ಕ ಖಾತೆ ಆದವ್ರಿ ಸರ. ಉಳಿದವ್ರ ನಂಬರ್ ತಿದ್ದಿ ಕಳಸಬೇಕು."

"ಮುಂದ ಸೊನ್ನೆ ನೀವ ಹಚ್ಚಿಬಿಡ್ರಲ್ಲ. ಅದಕ್ಕೇನು ದೊಡ್ಡ ಕೆಲಸ?"

"ಹಂಗ ಹಚ್ಚಾಕ ಬರೂದಿಲ್ರಿ. ಇಲ್ಲಿ ನೋಡ್ರಿ, ಅಲ್ಲಪ್ಪ ಅಂತ ಹೊಸಾ ಹುಡುಗ, ನಂಬರ 102 ಅಂತ ಬಂದೈತಿ. ಸೊನ್ನೆ ಹಚ್ಚಿದ್ರ 0102, ಅದು ನಿವೃತ್ತಿ ಆದ ಯಾರದೋ ನಂಬರು. ಇವಂದು ಕೊನೀ ಅಂಕಿ ಬಿಟ್ಟುಹೋಗಿರಬೇಕು. ಪಗಾರ ಇದರ ಮ್ಯಾಲ ಹೋಗ್ತೈತ್ರಿ. ಅಂದಾಜಿನ ಮ್ಯಾಲ ನಾ ಏನೂ ಹಾಕೂದಿಲ್ಲ."

"ಆತ್ರಿ, ಆ ಲಿಸ್ಟ್ ನನಗ ಕಳಸ್ರಿ. ನಾ ಅಲ್ಲಿಗೆ ಮೇಲ್ ಮಾಡ್ತೇನಿ."

ಕಳಿಸಿದಳು. ತೆರೆದ ಖಾತೆಗಳಿಗೆ ಒಂದೊಂದು ಬೇರೆ ತಾತ್ಕಾಲಿಕ ಪಾಸ್‌ವರ್ಡು, ಮೊದಲ ಸಲ ಒಳಗೆ ಹೋದಾಗ ಬದಲಿಸಲೇಬೇಕು ಎಂಬ ಷರತ್ತು. ಅವನ್ನು ಲಕೋಟೆಗಳಲ್ಲಿ ಹಾಕಿ ಅಂಟಿಸಿ ಸಂಜೆಯೇ ಗಡಹಿಂಗ್ಲಜಕ್ಕೆ ಹೊರಡುವ ಟಪಾಲು ಚೀಲಕ್ಕೆ ಸೇರಿಸಿದಳು. ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು.

ಶನಿವಾರ ಬೆಳಿಗ್ಗೆ ಅವಳು ಆಫೀಸಿನಲ್ಲಿ ಕೂರುವಷ್ಟರಲ್ಲಿ ರೂಪಾಲಿಯ ಫೋನು.

"ಮ್ಯಾಡಮ್, ಇದೇನ್ರಿ ಮಾಡೀರಿ? ಶಂಕರಲಿಂಗ ಕಾಕಾ ತಮ್ಮ ಚೀಲಾ ತಗೊಂಡು ಮನೀಗೆ ಹೋಗ್ಯಾರ. ಸುಶೀಲಾಬಾಯಿ ಕೌಂಟರಿನ್ಯಾಗ ಕುಂತು ಅಳಾಕತ್ತಾರ."

"ಯಾಕ? ಏನಾತು?"

"ಲಿಸ್ಟ್ ಬಂತಲ್ರಿ. ಸಾಹೇಬ್ರು 'ಫೇಲ್ ಆದವರು' ಅಂತ ಮ್ಯಾಲ ಬರದು ಕಳಸ್ಯಾರ. ನಾ ಎಲ್ಲಾರೂ ನೋಡ್ಲಿ ಅಂತ ಬೋರ್ಡಿಗೆ ಹಚ್ಚಿದ್ನಿ. ಲಕೋಟೆ ಬರೀ ಸಣ್ಣವ್ರಿಗೆ ಬಂದಾವ. ಹಳಬ್ರು ಒಬ್ರಿಗೂ ಇಲ್ಲ."

ನೂತನ ತನ್ನ ವರದಿಯನ್ನು ತೆರೆದು ನೋಡಿದಳು. ಕಾರಣದ ಕಾಲಮ್ಮಿನಲ್ಲಿ ಅವಳೇ ಇಂಗ್ಲಿಷಿನಲ್ಲಿ ಬರೆದದ್ದು: ನೌಕರ ನಂಬರ್ ಇನ್‌ವ್ಯಾಲಿಡ್. ಕಂಪ್ಯೂಟರಿನವಳಿಗೆ ಅದು ಅಂಕಿಯ ಮಾತು. ಆದರೆ ಸೊನ್ನೆಯಿಂದ ಶುರುವಾಗುವ ನಂಬರು ಇರುವುದೇ ಮೊದಲು ಸೇರಿದವರಿಗೆ. ಬಿದ್ದವರೆಲ್ಲ, ಅಲ್ಲಪ್ಪನೊಬ್ಬನನ್ನು ಬಿಟ್ಟು, ಕೂದಲು ಬೆಳ್ಳಗಾದವರು. ವಿಲೀನದಲ್ಲಿ ಹಳಬರನ್ನು ತೆಗೆಯುತ್ತಾರೆ ಎಂಬ ಗುಸುಗುಸು ಅಲ್ಲಿ ಮೊದಲೇ ಇತ್ತು. ಈಗ ತಮ್ಮ ಹೆಸರಿನ ಮುಂದೆ ಅವರು ಓದಿಕೊಂಡದ್ದು, ನಿಮ್ಮ ನೌಕರಿಯ ನಂಬರು ಚಾಲ್ತಿಯಲ್ಲಿಲ್ಲ ಎಂದು.

ಅಭಯಕುಮಾರರಿಗೆ ಹೇಳಿದಳು. "ಫೋನಿನ್ಯಾಗ ಹೇಳ್ರಿ, ಮುಗೀತು" ಅಂದರು ಅವರು.

"ಸುಶೀಲಾಬಾಯಿ ಫೋನ್ ತಗೋವಲ್ಲರಿ. ನಾನ ಹೋಗಿ ಬರ್ತೇನಿ."

"ಹೋಗ್ರಿ ಹಂಗಾರ. ಸೋಮವಾರ ಮಾತ್ರ ಎಲ್ಲಾ ಚಾಲೂ ಇರಬೇಕು."

ಕಾಗಲ, ನಿಪ್ಪಾಣಿ ದಾಟಿ ಬಸ್ಸು ಗಡಹಿಂಗ್ಲಜ ಮುಟ್ಟುವ ಹೊತ್ತಿಗೆ ಅವಳ ಸೊಂಟ ಸೆಟೆದುಕೊಂಡಿತ್ತು. ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ರೂಪಾಲಿಯ ಮೇಲೆ ಅಂದುಕೊಂಡರೆ, ಅವಳು ಹೇಳಿದಷ್ಟು ಮಾಡಿದ್ದಳು. ನಂಬರಿನ ಕಾಲಮ್ಮನ್ನು ಮೊದಲು ಅಕ್ಷರರೂಪಕ್ಕೆ ಇಟ್ಟುಕೊಳ್ಳಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ತಾನು ಹೇಳಿರಲಿಲ್ಲ.

ಸುಶೀಲಾಬಾಯಿ ಅದೇ ಶಾಖೆಯ ಕ್ಯಾಶಿಯರು, ಅಲ್ಲಿಯೇ ಸೇರಿ ಅಲ್ಲಿಯೇ ಹಣ್ಣಾದವರು. ಅತ್ತು ಕಣ್ಣು ಊದಿದ್ದವು. ಆದರೂ ಕೌಂಟರು ಬಿಟ್ಟಿರಲಿಲ್ಲ. ಹಾಲಿನ ಬಿಲ್ಲಿನ ಹಣ ತುಂಬಲು ಬಂದವರ ಸಾಲು ಮುಗಿಯುವವರೆಗೆ ನೂತನ ಬೆಂಚಿನ ಮೇಲೆ ಕಾದಳು. ಆಮೇಲೆ ರೂಪಾಲಿಯ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿದಳು.

"ಬಾಯಿ, ನಿಮ್ಮ ನಂಬರ್ ನೀವ ಒತ್ರಿ."

"ಯಾಕ? ನನ್ನ ಬೆರಳಿನಿಂದನ ನನ್ನ ತಗಸ್ತಿ ಏನ?"

"ಒತ್ರಿ, ನೋಡ್ರಿ."

ಸುಶೀಲಾಬಾಯಿ ಒಂದೊಂದೇ ಗುಂಡಿ ಒತ್ತಿದರು, ಸೊನ್ನೆ, ಸೊನ್ನೆ, ಒಂದು, ಏಳು. ಎಂಟರ್ ಒತ್ತಿದ ಕೂಡಲೇ ಸೊನ್ನೆಗಳೆರಡೂ ಮಾಯ. ಅವರು ಪರದೆಗೆ ಮುಖ ಹತ್ತಿರ ತಂದು ಮತ್ತೊಮ್ಮೆ ಒತ್ತಿದರು. ಮತ್ತೆ 17.

"ಇದ ಮಾಡ್ತೈತಿ?"

"ಇದ ಮಾಡ್ತೈತ್ರಿ. ನಿಮ್ಮನ್ನ ಯಾರೂ ತಗದಿಲ್ಲ. ಸೊನ್ನೆ ಬಿದ್ದಾವ, ಅಷ್ಟ. ಬರೀ ಎರಡಂಕಿ ಬಂತು ಅಂತ ನನ್ನ ಪ್ರೋಗ್ರಾಮು ನಿಮ್ಮ ಸಾಲು ಬದಿಗಿಟ್ಟೈತಿ."

"ಇಷ್ಟಕ್ಕ?" ಸುಶೀಲಾಬಾಯಿ ಎದ್ದು ನಿಂತರು. ಸಮಾಧಾನವಾಗುವ ಬದಲು ಸಿಟ್ಟು ಉಕ್ಕಿ ಬಂತು. "ಇಷ್ಟಕ್ಕ ಮುಂಜಾನಿಂದ ನಮ್ಮ ಎದಿ ಒಡದೀರಿ? ಫೇಲ್ ಅಂತ ಬರದು ಗ್ವಾಡಿಗೆ ಹಚ್ಚೂದಂದ್ರ ಏನು?"

ರೂಪಾಲಿ ತಲೆ ತಗ್ಗಿಸಿದಳು. ನೂತನ, "ಅದು ನಂದ ತಪ್ಪು ಬಾಯಿ, ಬರಿಯೂದು ಬ್ಯಾರೆ ಥರಾ ಬರೀಬೇಕಿತ್ತು" ಅಂದಳು. ಸುಶೀಲಾಬಾಯಿ ಮುಖ ತೊಳೆಯಲು ಹೋದರು.

ನೂತನ ಕಾಲಮ್ಮನ್ನು ಅಕ್ಷರರೂಪಕ್ಕೆ ಬದಲಿಸಿ ತೋರಿಸಿದಳು. ರೂಪಾಲಿ ಹಳೆಯ ಹಾಜರಿ ಪುಸ್ತಕ ನೋಡಿ ಪ್ರತಿ ನಂಬರನ್ನೂ ಮತ್ತೆ ತುಂಬಿದಳು. ಅಲ್ಲಪ್ಪನದು 1024. "ಸಿಎಸ್‌ವಿ ಮಾಡಿದ ಮ್ಯಾಲ ಅದನ್ನ ಮತ್ತ ಎಕ್ಸೆಲ್‌ನ್ಯಾಗ ತಗದು ಸೇವ್ ಮಾಡಬ್ಯಾಡ, ಸೊನ್ನೆ ಮತ್ತ ಬೀಳ್ತಾವ" ಎಂದು ಎಚ್ಚರಿಸಿ ನೂತನ ಅಲ್ಲಿಂದಲೇ ಕೊಲ್ಹಾಪುರದ ಸರ್ವರಿಗೆ ಸೇರಿ ಸ್ಕ್ರಿಪ್ಟು ಓಡಿಸಿದಳು. ನಿನ್ನೆ ಆದ ಖಾತೆಗಳನ್ನು ಅದು ಮುಟ್ಟದೆ ದಾಟಿತು. ತಿದ್ದಿದ ಸಾಲುಗಳಿಗೆ ಖಾತೆಗಳಾದವು. ಒಂದು ಸಾಲು ಮಾತ್ರ ನಿಂತಿತು. ಶಂಕರಲಿಂಗ ಪಟ್ಟಣಶೆಟ್ಟಿ. ನಂಬರು ಈಗ ಸರಿಯಾಗಿತ್ತು, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು, ಚುಕ್ಕಿ, ಅಡ್ಡಹೆಸರು ಕೂಡಿಸಿದರೆ ಲಾಗಿನ್ನು ಇಪ್ಪತ್ತು ಅಕ್ಷರ ಮೀರುತ್ತಿತ್ತು; ಮೊದಲ ಸಲ ಸಾಲು ನಂಬರಿನಲ್ಲೇ ನಿಂತದ್ದರಿಂದ ಇದು ಕಂಡಿರಲಿಲ್ಲ.

"ನಾವ ಸಣ್ಣದು ಮಾಡೂಣೇನ್ರಿ?" ರೂಪಾಲಿ ಕೇಳಿದಳು.

"ಬ್ಯಾಡ. ಅವ್ರನ್ನ ಕೇಳೂಣು."

ಇಬ್ಬರೂ ಬಸ್ಸು ಹಿಡಿದು ಅವರ ಊರು ನೇಸರಿಗೆ ಹೋದರು. ಶಂಕರಲಿಂಗರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದರು. ಶಾಖೆಯ ಸಾಲ ವಿಭಾಗವನ್ನು ಎಷ್ಟೋ ವರ್ಷ ನೋಡಿಕೊಂಡ ಮನುಷ್ಯ. ಬಂದವರನ್ನು ಕಂಡು ಕೈ ತೊಳೆದುಕೊಂಡರು, ಸೊಸೆಗೆ ಚಹಾ ಹೇಳಿದರು. ನೂತನ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು.

"ತಿಳೀತವಾ. ಸೊನ್ನೆ ಬಿದ್ದಾವ. ಹೆಸರು ಉದ್ದ ಆಗೇತಿ. ಎಲ್ಲಾ ತಿಳೀತು. ಆದ್ರ ಬೋರ್ಡ್ ನೋಡಿದ ಕೂಡಲೆ ನನಗ ಏನ್ ಅನಿಸ್ತು ಗೊತ್ತೈತೇನು? ಆತ್, ಬರೋಬರಿ ಐತಿ ಅನಿಸ್ತು. ಹಿಂಗ ಆಗಬಾರದಿತ್ತು ಅಂತ ಅನಿಸಲೇ ಇಲ್ಲ. ಚೀಲಾ ತಗೊಂಡು ಹೊರಗ ಬಂದಾಗ ಹಗುರ ಆಧಂಗ ಆತು. ಅದ ನನಗ ಅಂಜಿಕಿ."

ಆ ಹಗುರ ಎಂಥದು ಎಂದು ನೂತನಳಿಗೂ ಗೊತ್ತಿತ್ತು. ಎಷ್ಟೋ ಸಂಜೆ ಬಸ್ಸಿನಲ್ಲಿ, ನಾಳೆ ಯಾರಾದರೂ ಬರಬೇಡ ಎಂದರೆ ಹೇಗಿರುತ್ತದೆ ಎಂದು ಅವಳೂ ಯೋಚಿಸಿದ್ದಳು.

"ಸೋಮವಾರ ಬರ್ರಿ ಕಾಕಾ," ಅಂದಳು ಕೊನೆಗೆ. "ಸಾಲದ ಕೆಲಸ ನಿಮ್ಮ ಬಿಟ್ರ ಮತ್ಯಾರಿಗೂ ಗೊತ್ತಿಲ್ಲ. ಹೋಗೂದಿದ್ರ ನಿಮ್ಮ ಮನಸಿಲೆ ಹೋಗ್ರಿ, ನನ್ನ ಲಿಸ್ಟಿನ ಸಂಬಂಧ ಬ್ಯಾಡ."

ಅವರು ಚಹಾ ಕುಡಿದು ಬಸಿ ಕೆಳಗಿಟ್ಟರು. "ಲಾಗಿನ್ ಹೆಂಗ ಸಣ್ಣದು ಮಾಡ್ತಿ?"

"ಹೆಸರಿಂದು ಒಂದ ಅಕ್ಷರಾ, ಚುಕ್ಕಿ, ಆಮ್ಯಾಲ ಪಟ್ಟಣಶೆಟ್ಟಿ. ಪರದೆ ಮ್ಯಾಲ ಪೂರಾ ಹೆಸರ ಕಾಣಸ್ತೈತಿ."

"ಅಡ್ಡಹೆಸರು ಪೂರ್ತಿ ಉಳೀತೈತಿ ಅಂದ್ರ ಮಾಡು."

ಸೋಮವಾರ ಅವರು ಬಂದರು. ಹೊಸ ಖಾತೆಗಳ ಮೊದಲ ದಿನವೆಂದು ನೂತನಳೂ ಗಡಹಿಂಗ್ಲಜಕ್ಕೆ ಬಂದಿದ್ದಳು. ನೂತನ ಕೊಟ್ಟ ಲಕೋಟೆ ಹರಿದು, ತಾತ್ಕಾಲಿಕ ಪಾಸ್‌ವರ್ಡು ಹಾಕಿ, ಯಾರೂ ನೋಡದಂತೆ ಕೈ ಅಡ್ಡ ಹಿಡಿದು ಹೊಸದನ್ನು ಒತ್ತಿದರು. ಎರಡು ಸಲ ತಪ್ಪಾಯಿತು, ಮೂರನೇ ಸಲ ತೆರೆಯಿತು. ಸುಶೀಲಾಬಾಯಿ ನೂತನಳೊಡನೆ ಆ ದಿನವೆಲ್ಲ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಮಧ್ಯಾಹ್ನ ಮಾತ್ರ ತಮ್ಮ ಡಬ್ಬಿಯ ರೊಟ್ಟಿ, ಝುಣಕ ಅವಳ ಕಡೆ ಸರಿಸಿದರು.

ಆಮೇಲೆ ನೂತನ ಸ್ಕ್ರಿಪ್ಟಿನ ವರದಿಯನ್ನು ತಿದ್ದಿದಳು. ಈಗ ಅದರ ತಲೆಬರಹ 'ತಖ್ತೆಯಲ್ಲಿ ತಿದ್ದಬೇಕಾದ ಸಾಲುಗಳು'. ಕಾರಣ, ಶಾಖೆಯ ಕಾಗದಪತ್ರವೆಲ್ಲ ನಡೆಯುವ ಮರಾಠಿಯಲ್ಲಿ, ಪೂರ್ತಿ ವಾಕ್ಯದಲ್ಲಿ: ನಂಬರಿನ ಮುಂದಿನ ಸೊನ್ನೆ ಬಿದ್ದಿರಬಹುದು, ಹಾಜರಿ ಪುಸ್ತಕ ನೋಡಿ ನಾಲ್ಕು ಅಂಕಿ ತುಂಬಿರಿ. ವರದಿ ಈಗ ಮೊದಲು ತಖ್ತೆ ತುಂಬಿದವರಿಗೇ ಹೋಗುತ್ತದೆ. ಅಭಯಕುಮಾರರು ನೋಡಿ, "ಇಷ್ಟ್ಯಾಕ ಉದ್ದ ಬರದೀರಿ?" ಅಂದರು. ಅವಳು ಅದನ್ನು ಹಾಗೇ ಸೇವ್ ಮಾಡಿದಳು.

ಶಂಕರಲಿಂಗರು ದೀಪಾವಳಿಯವರೆಗೆ ದುಡಿದರು. ತಮ್ಮ ಕೆಲಸವನ್ನು ರೂಪಾಲಿಗೆ ಕಲಿಸಿದರು, ಆಮೇಲೆ ತಾವೇ ಅರ್ಜಿ ಕೊಟ್ಟು ನಿವೃತ್ತಿ ತೆಗೆದುಕೊಂಡರು. ಅವರು ಹೋದ ಸಂಜೆ ನೂತನ ಅವರ ಖಾತೆಯನ್ನು ಬಂದ್ ಮಾಡಿದಳು. ಅಳಿಸಲಿಲ್ಲ, ಅವರು ಮಾಡಿದ ಎಂಟ್ರಿಗಳ ಮುಂದೆ ಅವರ ಹೆಸರು ಉಳಿಯಬೇಕಲ್ಲ. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಫೋನು ಬಂತು, ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು.