ಲೇಬಲ್ಲಿನ ಮೇಲಿನ ಕರಿ ಗುರುತು

ಮೈಲೂರಿನ ನನ್ನ ಲಾಂಡ್ರಿಯ ಗೋಡೆಯ ಮೇಲೆ ಬಟ್ಟೆಯ ಒಳಗಿನ ಲೇಬಲ್ಲುಗಳ ಚಿತ್ರಗಳಿಗೆ ಅರ್ಥ ಹೇಳುವ, ನಾನೇ ಬರೆದ ಒಂದು ಪಟ್ಟಿ ಇದೆ. ನೀರಿನ ತೊಟ್ಟಿಯ ಚಿತ್ರ ಒಗೆಯುವುದಕ್ಕೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ಇಸ್ತ್ರಿಪೆಟ್ಟಿಗೆ ಇಸ್ತ್ರಿಗೆ. ಮೇಲೆ ಕಾಟು ಹೊಡೆದಿದ್ದರೆ ಆ ಕೆಲಸ ಮಾಡಕೂಡದು. ವಿದೇಶದ ಬಟ್ಟೆ ತಂದವರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಿದ್ದೆ.

ಆ ಚಳಿಗಾಲದಲ್ಲಿ ಭಾತಂಬ್ರಾದ ಕಡೆಯ ಟೀಚರೊಬ್ಬರು ಕೆನೆಬಣ್ಣದ ಉಣ್ಣೆ ಸ್ವೆಟರ್ ತಂದರು. ಕುವೈತಿನಲ್ಲಿ ನರ್ಸ್ ಆಗಿದ್ದ ಅವರ ಅಕ್ಕ ಅಲ್ಲೇ ತೀರಿಕೊಂಡಿದ್ದರು. ಅವರ ಪೆಟ್ಟಿಗೆಯಲ್ಲಿ ಬಂದಿದ್ದು ಅದು.

"ಒಳಗ ಚೀಟಿ ಅದರಿ ಅಣ್ಣಾ, ನೋಡಿ ಒಗೀರಿ. ಅಕ್ಕನ ವರ್ಷದ ಪೂಜಿಗಿ ಹಾಕ್ಕೊಂಡು ಹೋಗಬೇಕು."

"ಚಿಂತಿ ಬ್ಯಾಡ್ರಿ ಟೀಚರ, ನನಗ ಓದಾಕ ಬರ್ತದ," ಎಂದೆ.

ಓದಿದೆ ಕೂಡ. ತೊಟ್ಟಿಯಲ್ಲಿ ಕೈ: ಕೈಯಲ್ಲೇ ಒಗೆಯಬೇಕು. ತ್ರಿಕೋನಕ್ಕೆ ಕಾಟು. ಚೌಕದೊಳಗೆ ಅಡ್ಡಗೆರೆ: ತೂಗುಹಾಕದೆ ಹಾಸಿ ಒಣಗಿಸಬೇಕು. ಇಸ್ತ್ರಿಪೆಟ್ಟಿಗೆಯಲ್ಲಿ ಎರಡು ಚುಕ್ಕಿ: ಮಧ್ಯಮ ಬಿಸಿ. ಓದಿ ಮುಗಿಸಿದವನೇ, ನಮ್ಮಪ್ಪನ ಕಾಲದಿಂದ ಬಂದ ರೂಢಿಯಂತೆ, ಹೊರಗೆ ಕಾಣದಿರಲೆಂದು ಆ ಲೇಬಲ್ಲಿನ ಮೇಲೆಯೇ ಅಳಿಸದ ಕರಿ ಶಾಯಿಯಲ್ಲಿ ಗಿರಾಕಿಯ ಗುರುತು ಹಾಕಿದೆ. ಮೊದಲ ಮೂರು ಚಿತ್ರಗಳೂ ಅದರಡಿ ಮುಚ್ಚಿಹೋದವು. ಲೇಬಲ್ ಇರುವುದೇ ಗುರುತು ಹಾಕಲಿಕ್ಕೆ ಎಂಬಂತೆ ಬದುಕಿದವರು ನಾವು.

ಮರುದಿನ ಸೋದರಮಾವನ ಮನೆಯ ಮದುವೆಗೆಂದು ಭಾಲ್ಕಿಗೆ ಹೋದೆ. ಅಂಗಡಿಯಲ್ಲಿದ್ದ ಹೆಂಡತಿ ಫೋನ್ ಮಾಡಿದಳು.

"ಟೀಚರ ಸ್ವೆಟರಿನ ಚಿತ್ರ ಕಾಣವಲ್ದು. ನಿಮ್ಮ ಮಾರ್ಕ ಬಿದ್ದದ. ಹ್ಯಾಂಗ ಒಗೀಲಿ?"

ಮದುವೆಯ ಗದ್ದಲ, ಊಟಕ್ಕೆ ಎಲೆ ಹಾಕಿದ್ದರು. ನನಗೆ ರೇಗಿತು. "ಏನು ಕಾಣ್ತದ ಹೇಳು."

"ಇಸ್ತ್ರಿ ಒಂದೇ. ಎರಡು ಚುಕ್ಕಿ."

"ಮತ್ತ! ಅಷ್ಟು ಬಿಸಿ ತಡೀತದ ಅಂದ್ರ ಏನೂ ಆಗಾಂಗಿಲ್ಲ. ಲಾಡ್ಜಿನ ಬೆಡ್‌ಶೀಟ್ ಜತಿ ಮಷೀನಿಗಿ ಹಾಕು."

ಇಸ್ತ್ರಿಯ ಚುಕ್ಕಿ ಇಸ್ತ್ರಿಗಷ್ಟೇ ಎಂದು ಗೋಡೆಯ ಮೇಲೆ ಬರೆದವನು ನಾನೇ. ಹಿಂದಿನ ದಿನ ಓದಿದ್ದ ಕೈಯ ಚಿತ್ರ ನೆನಪಿಗೇ ಬರಲಿಲ್ಲ. ಅವಳು ಕೇಳಿದ್ದಳು, ನಾನು ಯೋಚಿಸಲಿಲ್ಲ. ಫೋನ್ ಇಟ್ಟು ಊಟಕ್ಕೆ ಕೂತೆ.

ಊರಿಗೆ ಮರಳಿ ನೋಡಿದರೆ, ಬೆಡ್‌ಶೀಟಿನ ಬಿಸಿನೀರಲ್ಲಿ ತಿರುಗಿ ಉಣ್ಣೆ ಕಂಬಳಿಯಂತೆ ದಪ್ಪಗಟ್ಟಿ, ಎಂಟು ವರ್ಷದ ಹುಡುಗಿಯ ಅಳತೆಗೆ ಇಳಿದಿತ್ತು. ನೆನೆಸಿ ಎಳೆದು ನೋಡಿದೆ. ಜಗ್ಗಲಿಲ್ಲ.

ಟೀಚರ್ ಬಂದಾಗ ತಪ್ಪು ನನ್ನದೇ ಎಂದು ಪೂರ್ತಿ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಸ್ವೆಟರನ್ನು ಎದೆಗೆ ಹಿಡಿದು ನೋಡಿದರು. ತೋಳು ಮೊಣಕೈ ದಾಟಲಿಲ್ಲ. ಸ್ವೆಟರಿನ ಕುತ್ತಿಗೆಯ ಒಳಗಿನ ಲೇಬಲ್ಲಿನ ಮೇಲೆ ಬೆರಳಿಟ್ಟು ಕೇಳಿದರು:

"ಈ ಕರಿ ಏನದರಿ?"

"ನಿಮ್ಮ ಗುರುತು ರೀ. ಮಂದಿ ಬಟ್ಟಿಯೊಳಗ ಕಳೀಬಾರದಂತ ಹಾಕ್ತೇವಿ."

ಶಾಯಿ ಒಂದಿಷ್ಟೂ ಮಾಸಿರಲಿಲ್ಲ. ಅವರು ಅದನ್ನು ಬೆರಳಿಂದ ಉಜ್ಜಿ ನೋಡಿದರು.

"ಕಳೀಲಿಲ್ಲ ಬಿಡ್ರಿ," ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು.